ಇರಿಡಿಯಂ ಪ್ಲಗ್ ಹಾಕಿದ ಮೇಲೆ ಗಾಡಿ ಮಿಸ್ ಆಗುತ್ತಿದೆ, ಫೋಟೋ ನೋಡಿ ಡೂಪ್ಲಿಕೇಟಾ ಹೇಳಿ

ಹಾಸನ_ಹುಡುಗ
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಆನ್‌ಲೈನಲ್ಲಿ ಎನ್‌ಜಿಕೆ ಇರಿಡಿಯಂ ಪ್ಲಗ್ ಎರಡು ತರಿಸಿದೆ, ಅಂಗಡಿಯ ಅರ್ಧ ಬೆಲೆಗೆ ಸಿಕ್ಕಿತು. ಒಂದನ್ನು ಹಾಕಿದ್ದೇನೆ. ಬೆಳಗ್ಗೆ ನಾಲ್ಕೈದು ಸಲ ಸೆಲ್ಫ್ ಒತ್ತಬೇಕು, ಓಡುವಾಗ ಆಕ್ಸಿಲರೇಟರ್ ಕೊಟ್ಟರೆ ತಡವರಿಸುತ್ತದೆ. ಬಾಕ್ಸ್, ಪ್ಲಗ್ ಎರಡರ ಫೋಟೋನೂ ಹಾಕಿದ್ದೇನೆ. ಅಸಲಿಯಾ ನಕಲಿಯಾ ಅಂತ ಹೇಳಿ ಸಾಕು. ವಾಪಸ್ ಕೊಡಲು ಮೂರೇ ದಿನ ಉಳಿದಿದೆ.

ಕಾರ್ಬ್_ಕಿಟ್ಟಣ್ಣ
ಸುಮ್ನೆ ಪ್ಲಗ್ ಮೇಲೆ ಹಾಕಬೇಡಿ. ಇದು ಕಾರ್ಬುರೇಟರ್ ಟ್ಯೂನಿಂಗ್ ಸಮಸ್ಯೆ. ಏರ್ ಸ್ಕ್ರೂ ಪೂರ್ತಿ ಮುಚ್ಚಿ, ಆಮೇಲೆ ಒಂದೂವರೆ ಸುತ್ತು ಬಿಚ್ಚಿ ನೋಡಿ. ನನ್ನ ಹಳೇ ಟೂ ಸ್ಟ್ರೋಕ್ ಗಾಡಿಗೂ ಹೀಗೇ ಆಗಿತ್ತು.

ಹಾಸನ_ಹುಡುಗ
ಅಣ್ಣಾ, ಗಾಡಿ 2021ರದು, ಬಿಎಸ್6, 150 ಸಿಸಿ. ಕಾರ್ಬುರೇಟರೇ ಇಲ್ಲ.

ಕಾರ್ಬ್_ಕಿಟ್ಟಣ್ಣ
ಅದನ್ನು ಮೊದಲೇ ಹೇಳಬೇಕಲ್ವಾ? ಹಾಗಿದ್ದರೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ. ಎಥನಾಲ್ ಪೆಟ್ರೋಲ್ ಬಂದ ಮೇಲೆ ಎಲ್ಲರಿಗೂ ಇದೇ ಗೋಳು.

ಬೆಂಗ್ಳೂರ್_ಬಾಕ್ಸರ್
ಬಾಕ್ಸ್ ನೋಡಿದರೇ ಗೊತ್ತಾಗುತ್ತದೆ, ಪಕ್ಕಾ ಡೂಪ್ಲಿಕೇಟ್. ಕೆಳಗೆ ಸಣ್ಣಕ್ಷರದಲ್ಲಿ ನಿಟೆರಾ ಅಂತ ಬೇರೆ ಕಂಪನಿ ಹೆಸರಿದೆ. ನನ್ನ 2019ರ ಬಾಕ್ಸಲ್ಲಿ ಅದಿಲ್ಲ. ಅಕ್ಷರದ ಹಳದಿಯೂ ಮಂಕಾಗಿದೆ. ಇನ್ನೊಂದು, ತುದಿಗೆ ಮ್ಯಾಗ್ನೆಟ್ ಹಿಡಿಯಿರಿ. ಇರಿಡಿಯಂ ಅಂಟುವುದಿಲ್ಲ.

ದಾವಣಗೆರೆ_ವರ್ಕ್‌ಶಾಪ್
ಬಾಕ್ಸರ್ ಅವರೇ, ನಿಟೆರಾ ಬೇರೆ ಕಂಪನಿ ಅಲ್ಲ. ಜಪಾನಿನ ಮೂಲ ಕಂಪನಿಯೇ 2023ರಲ್ಲಿ ಆ ಹೆಸರು ಇಟ್ಟುಕೊಂಡಿತು, ಪ್ಲಗ್ ಬ್ರ್ಯಾಂಡ್ ಮಾತ್ರ ಎನ್‌ಜಿಕೆ ಅಂತಲೇ ಉಳಿದಿದೆ. ಬಾಕ್ಸಿನ ಬಣ್ಣವನ್ನು ಫೋಟೋದಲ್ಲಿ ಅಳೆಯಲೂ ಆಗುವುದಿಲ್ಲ, ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಒಂದು ಹಳದಿ, ಬಿಸಿಲಲ್ಲಿ ಇನ್ನೊಂದು. ಮ್ಯಾಗ್ನೆಟ್ ಮಾತೂ ಅರ್ಧ ಸರಿ. ಇರಿಡಿಯಂ ಅಂಟುವುದಿಲ್ಲ ನಿಜ, ಆದರೆ ಅದು ತುದಿಯಲ್ಲಿ ಚೂರೇ ಚೂರು. ಅದರ ಕೆಳಗಿನ ನಿಕಲ್ ಲೋಹ, ಸುತ್ತಲಿನ ಸ್ಟೀಲ್ ಬಾಡಿ ಅಂಟುತ್ತವಲ್ಲ.

ಹಾಸನದವರೇ, ಹಾಕದೆ ಇಟ್ಟಿರುವ ಪ್ಲಗ್ ತೆಗೆದುಕೊಳ್ಳಿ. ಭೂತಗನ್ನಡಿಯಲ್ಲಿ ನಡುವಿನ ಎಲೆಕ್ಟ್ರೋಡ್ ನೋಡಿ. ಅಸಲಿಯಲ್ಲಿ ತುದಿ 0.6 ಮಿ.ಮೀ. ದಪ್ಪದ ತಂತಿ. ಅದನ್ನು ಲೇಸರಿನಲ್ಲಿ ಬೆಸೆದ ಜಾಗದಲ್ಲಿ ಸುತ್ತಲೂ ಸಣ್ಣ ಉಂಗುರದ ಹಾಗೆ ಗುರುತು ಇರುತ್ತದೆ. ನಕಲಿಯವರು ಬಹಳ ಸಲ ನಿಕಲ್ ಅನ್ನೇ ಪೆನ್ಸಿಲ್ ಹೆರೆದ ಹಾಗೆ ಚೂಪು ಮಾಡಿರುತ್ತಾರೆ, ಬೆಸುಗೆ ಗುರುತೇ ಇರುವುದಿಲ್ಲ. ನಿಮ್ಮ ಫೋಟೋದಲ್ಲಿ ಫ್ಲಾಶ್ ಹೊಡೆದು ಆ ಜಾಗ ಪೂರ್ತಿ ಬಿಳಿಯಾಗಿದೆ. ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ಮೇಲಿನ ಟರ್ಮಿನಲ್‌ಗೆ, ಇನ್ನೊಂದು ನಡುವಿನ ತುದಿಗೆ ಮೆಲ್ಲಗೆ ಮುಟ್ಟಿಸಿ. ಎಷ್ಟು ಬರುತ್ತದೆ ಹೇಳಿ. ಪ್ಲಗ್ ನಂಬರೂ ಬರೆಯಿರಿ, ಇದುವರೆಗೂ ಹೇಳಿಲ್ಲ.

ಶಿರಸಿ_ಸವಾರ
ಪ್ಲಗ್ ಬಿಡಿ, ಚೈನ್ ಇನ್ನೂ ಮೋಸ. ನಾನು ದೊಡ್ಡ ಬ್ರ್ಯಾಂಡ್ ಅಂತ 428 ಚೈನ್ ತಂದೆ. ಲೇಸರ್ ಕೋಡ್, ಹೊಲೋಗ್ರಾಮ್ ಎಲ್ಲಾ ಚೆನ್ನಾಗಿತ್ತು. ಹೊಸದರಲ್ಲಿ 20 ಲಿಂಕ್ ಅಳೆದರೆ ಸರಿಯಾಗಿ 254 ಮಿ.ಮೀ. 3000 ಕಿ.ಮೀ. ಓಡಿಸಿದ ಮೇಲೆ 259! ಆಮೇಲೆ ಬಿಚ್ಚಿ ನೋಡಿದರೆ ಬ್ರ್ಯಾಂಡ್ ಹೆಸರಿನ ಅಚ್ಚು ಕೆಲವು ಪ್ಲೇಟಿನಲ್ಲಿ ಆಳ, ಕೆಲವದರಲ್ಲಿ ಉಗುರಿಗೂ ತಾಗುವುದಿಲ್ಲ. ಈಗ ಹಾಕಿರುವ ಎಕ್ಸ್-ರಿಂಗ್ ಚೈನ್ 18,000 ಆದರೂ ಒಂದೇ ಸಲ ಟೈಟ್ ಮಾಡಿದ್ದು. ಫೋಟೋ ಹಾಕಲಾ?

ದಾವಣಗೆರೆ_ವರ್ಕ್‌ಶಾಪ್
ಅದಕ್ಕೇ ಚೈನನ್ನು ಹೊಸದರಲ್ಲಿ ಅಳೆದರೆ ಏನೂ ಗೊತ್ತಾಗುವುದಿಲ್ಲ. ಅಳತೆ ಸರಿಯಾಗೇ ಮಾಡಿರುತ್ತಾರೆ. ಪಿನ್, ಬುಷ್ ಗಟ್ಟಿ ಇರುವುದಿಲ್ಲ, ಬೇಗ ಸವೆಯುತ್ತವೆ. ಅದು ಯಾವ ಫೋಟೋದಲ್ಲೂ ಕಾಣುವುದಿಲ್ಲ.

ಹಾಸನ_ಹುಡುಗ
ನಂಬರ್ CPR8EAIX-9. ಗಾಡಿಗೆ ಹಾಕಿದ್ದನ್ನೂ ಬಿಚ್ಚಿ ಅಳೆದೆ. ಅದರಲ್ಲಿ 1 ಓಮ್ ಅಷ್ಟೇ ಬಂತು. ಹಾಕದೆ ಇಟ್ಟಿದ್ದರಲ್ಲಿ 4.9 ಕಿಲೋ ಓಮ್. ಕಂಪನಿಯಿಂದ ಬಂದ ಹಳೇ ಪ್ಲಗ್ 5.1. ಹಾಕಿದ್ದರ ತುದಿಯಲ್ಲಿ ಬೆಸುಗೆ ಗುರುತು ಕಾಣಲಿಲ್ಲ. ಇನ್ನೊಂದರಲ್ಲಿ ಏನೋ ಗೆರೆ ಇದೆ, ಆದರೆ ವಾಷರ್ ಬೆರಳಲ್ಲಿ ತಿರುಗಿಸಿದರೆ ಕಳಚಿ ಬಂತು. ಹಳೇ ಪ್ಲಗ್ ಹಾಕಿದೆ, ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು!

ಕಾರ್ಬ್_ಕಿಟ್ಟಣ್ಣ
ಆದರೂ ಥ್ರಾಟಲ್ ಬಾಡಿ ಒಂದ್ಸಲ ನೋಡಿಸಿ.

ದಾವಣಗೆರೆ_ವರ್ಕ್‌ಶಾಪ್
1 ಓಮ್ ಬಂದಿದ್ದು ನಕಲಿ, ಅನುಮಾನ ಬೇಡ. ನಂಬರಿನಲ್ಲಿರುವ R ಅಂದರೆ ಒಳಗೆ ರೆಸಿಸ್ಟರ್ ಇರಲೇಬೇಕು, ಸುಮಾರು 5 ಕಿಲೋ ಓಮ್. ಅದಿಲ್ಲದಿದ್ದರೆ ಸ್ಪಾರ್ಕಿನ ಎಲೆಕ್ಟ್ರಿಕಲ್ ನಾಯ್ಸ್ ಇಸಿಯುವನ್ನು ಕೆಣಕುತ್ತದೆ. ಇಂಜೆಕ್ಷನ್ ಗಾಡಿ ಹೀಗೆ ತಡವರಿಸಲು ಅದೊಂದೇ ಸಾಕು. ಎರಡನೆಯದರ ಬಗ್ಗೆ ನಾನು ಖಚಿತವಾಗಿ ಹೇಳಲಾರೆ. ಅಸಲಿಯಲ್ಲಿ ವಾಷರ್ ಅಷ್ಟು ಸುಲಭವಾಗಿ ಕಳಚುವುದಿಲ್ಲ, ಆದರೆ ಓಮ್ ಸರಿಯಿದೆ. ಹೆಕ್ಸ್ ಮೇಲಿರುವ ಲಾಟ್ ಕೋಡ್ ಎರಡರಲ್ಲೂ ಒಂದೇನಾ? ಪಕ್ಕದಿಂದ ಬೆಳಕು ಬಿಟ್ಟು, ಫ್ಲಾಶ್ ಇಲ್ಲದೆ ಫೋಟೋ ಹಾಕಿ.

ಬೆಂಗ್ಳೂರ್_ಬಾಕ್ಸರ್
ಕೊನೆಗೆ ಡೂಪ್ಲಿಕೇಟೇ ಆಯಿತಲ್ಲ, ನಾನು ಬಾಕ್ಸ್ ನೋಡಿಯೇ ಹೇಳಿದ್ದೆ.

ದಾವಣಗೆರೆ_ವರ್ಕ್‌ಶಾಪ್
ಎರಡೂ ಪ್ಲಗ್ ಬಂದಿದ್ದು ಅದೇ ತರಹದ ಬಾಕ್ಸಲ್ಲಿ ಸರ್. ಹಾಗಿದ್ದರೆ ಎರಡನೆಯದು ಏನು, ಬಾಕ್ಸ್ ನೋಡಿ ಹೇಳಿ.

ಹಾಸನ_ಹುಡುಗ
ಹಾಕಿದ್ದರಲ್ಲಿ ಕೋಡ್ ಪಾನಾ ತಾಗಿ ಅಳಿಸಿಹೋಗಿದೆ, ಒಂದೇ ಅಕ್ಷರ ಉಳಿದಿದೆ. ಎರಡನ್ನೂ ವಾಪಸ್ ಕಳಿಸುತ್ತಿದ್ದೇನೆ. ಬಳಸಿದ ಪ್ಲಗ್ ತೆಗೆದುಕೊಳ್ಳುವುದಿಲ್ಲ ಅಂತ ಮಾರಿದವರು ಹೇಳುತ್ತಿದ್ದಾರೆ, ಮೀಟರ್ ಹಿಡಿದ ವಿಡಿಯೋ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಶಿರಸಿ_ಸವಾರ
ಚೈನ್ ಫೋಟೋ ಹಾಕಿದ್ದೇನೆ, ಯಾರಾದರೂ ನೋಡಿ.