ಪದಚರ್ಚೆ: ಅಪ್ಪನ ಸೈಟಿಗೆ ಮಗನ ‘ಸ್ವಾಧೀನ ವೆಚ್ಚ’ ಎಷ್ಟು?

ಎಲ್ಲರಿಗೂ ನಮಸ್ಕಾರ.

ನಾನು ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಆಸ್ತಿ ಮಾರಿದವರು ತುಂಬಿಕೊಡುವ ಹಾಳೆಯನ್ನು ಕನ್ನಡಕ್ಕೆ ತಂದಾಗ ‘ಕಾಸ್ಟ್ ಆಫ್ ಅಕ್ವಿಸಿಷನ್’ಗೆ ‘ಸ್ವಾಧೀನ ವೆಚ್ಚ’ ಎಂದೂ ‘ಹೋಲ್ಡಿಂಗ್ ಪೀರಿಯಡ್’ಗೆ ‘ಹಿಡುವಳಿ ಅವಧಿ’ ಎಂದೂ ಹಾಕಿದ್ದೆ.

ಒಬ್ಬರ ತಂದೆ 1994ರಲ್ಲಿ ಮೈಸೂರಿನಲ್ಲಿ 60,000 ರೂಪಾಯಿಗೆ ಸೈಟು ಕೊಂಡಿದ್ದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಮಗ 2025ರ ಜೂನಿನಲ್ಲಿ ಅದನ್ನು 40 ಲಕ್ಷಕ್ಕೆ ಮಾರಿದರು. ಹಾಳೆಯಲ್ಲಿ ಸ್ವಾಧೀನ ವೆಚ್ಚದ ಮುಂದೆ ಪೌತಿ ಖಾತೆಗೆ ಓಡಾಡಿದ ಖರ್ಚು ಬರೆದಿದ್ದಾರೆ, ಹಿಡುವಳಿ ಅವಧಿ ‘ಆರು ತಿಂಗಳು’ ಎಂದಿದ್ದಾರೆ. ಪದ ನೋಡಿದರೆ ಅವರು ಬರೆದದ್ದೇ ಸರಿ. ಲೆಕ್ಕ ಮಾತ್ರ ಪೂರ್ತಿ ತಪ್ಪು. ಬೇರೆ ಪದ ಇದೆಯಾ?

—

ಪಿತ್ರಾರ್ಜಿತ ಆಸ್ತಿಗೆ ತೆರಿಗೆಯೇ ಇಲ್ಲ ಅಲ್ವಾ? ಈ ಕಾಲಮ್ಮೇ ಯಾಕೆ ಬೇಕು?

—

ಸರ್, ಕೈಗೆ ಬಂದಾಗ ತೆರಿಗೆ ಇಲ್ಲ, ನಿಜ. ಮಾರಿದಾಗ ಲಾಭಕ್ಕೆ ಇದೆ. ಇನ್ನೊಂದು ಮಾತು, ಇದು ಅಪ್ಪನ ಸ್ವಯಾರ್ಜಿತ. ಮಗನಿಗೆ ಬಂದ ಮಾತ್ರಕ್ಕೆ ಪಿತ್ರಾರ್ಜಿತ ಆಗುವುದಿಲ್ಲ.

ಕಾನೂನು ಇಲ್ಲಿ ಮಗನನ್ನು ಅಪ್ಪನ ಜಾಗದಲ್ಲಿ ನಿಲ್ಲಿಸುತ್ತದೆ. ಅಪ್ಪ ಕೊಟ್ಟ ಬೆಲೆಯೇ ಮಗನ ಬೆಲೆ, ಅಪ್ಪ ಇಟ್ಟುಕೊಂಡಿದ್ದ ವರ್ಷಗಳೂ ಮಗನ ಲೆಕ್ಕಕ್ಕೆ ಸೇರುತ್ತವೆ. ಸೈಟಿಗೆ 24 ತಿಂಗಳು ದಾಟಿದರೆ ದೀರ್ಘಾವಧಿ. ಇಲ್ಲಿ ಮೂವತ್ತು ವರ್ಷವೇ ದಾಟಿದೆ. ‘ಆರು ತಿಂಗಳು’ ಎಂದು ಹಾಗೇ ಹೋಗಿದ್ದರೆ ಲಾಭವೆಲ್ಲ ಅವರ ಮಾಮೂಲಿ ಆದಾಯಕ್ಕೆ ಸೇರಿ ಸ್ಲ್ಯಾಬ್ ದರ ಬೀಳುತ್ತಿತ್ತು.

2001ರ ಏಪ್ರಿಲ್ 1ಕ್ಕಿಂತ ಮುಂಚೆ ಕೊಂಡದ್ದಾದ್ದರಿಂದ 60,000ದ ಬದಲು ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು. ಆದರೆ ಅಂದಿನ ಮಾರ್ಗಸೂಚಿ ಬೆಲೆ ಸಿಕ್ಕರೆ ಅದನ್ನು ಮೀರುವಂತಿಲ್ಲ. ಅದು 2 ಲಕ್ಷ ಎಂದುಕೊಳ್ಳಿ. ಲಾಭ 38 ಲಕ್ಷ, 12.5% ದರದಲ್ಲಿ ತೆರಿಗೆ 4.75 ಲಕ್ಷ. ಹಳೆಯ ದಾರಿಯಲ್ಲಿ ಹಣದುಬ್ಬರ ಸೇರಿಸಿದರೆ 2 ಲಕ್ಷ 7.52 ಲಕ್ಷವಾಗುತ್ತದೆ. ಉಳಿದದ್ದಕ್ಕೆ 20% ಅಂದರೆ ಸುಮಾರು 6.5 ಲಕ್ಷ. ಇವರಿಗೆ ಹೊಸದೇ ವಾಸಿ. ಸೆಸ್ ಬೇರೆ.

ಪದಕ್ಕೆ ಬಂದರೆ, ‘ಸ್ವಾಧೀನ’ ಎಂದ ಕೂಡಲೇ ನಮಗೆ ಭೂಸ್ವಾಧೀನ ನೆನಪಾಗುತ್ತದೆ. ‘ಅಸಲು’ ಆಗಬಹುದಾ? ಸಂತೆಯಲ್ಲೂ ‘ಅಸಲೂ ಹುಟ್ಟಲಿಲ್ಲ’ ಅನ್ನುತ್ತೇವೆ.

—

ನಮ್ಮ ಅತ್ತೆ 2010ರಲ್ಲಿ ಕೊಂಡ ಮನೆಯನ್ನು ನನಗೆ ದಾನಪತ್ರ ಮಾಡಿಕೊಟ್ಟರು. ನಾನು ಸ್ಟಾಂಪ್ ಕಾಗದಕ್ಕೆ ಕಟ್ಟಿದ್ದೇ ಅಸಲಾ?

—

ಇಲ್ಲಮ್ಮ, ನಿಮಗೂ ಅತ್ತೆಯವರು ಕೊಟ್ಟ ಬೆಲೆಯೇ. ಅವರ ಕ್ರಯಪತ್ರ ಹುಡುಕಿಡಿ.

—

‘ಅಸಲು’ ಇಷ್ಟವಾಯಿತು, ಆದರೆ ಸಾಲ ಇರುವವರು ಅದರ ಮುಂದೆ ಸಾಲದ ಅಸಲು ಬರೆದಾರು. ಹಾಳೆಯಲ್ಲಿ ಸದ್ಯಕ್ಕೆ ಪ್ರಶ್ನೆಯನ್ನೇ ಹಾಕುತ್ತೇನೆ: ‘ಮೊದಲು ದುಡ್ಡು ಕೊಟ್ಟು ಕೊಂಡವರು ಯಾರು? ಯಾವಾಗ? ಎಷ್ಟಕ್ಕೆ?’ ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದಿದ್ದರೂ ಉತ್ತರ ತಾತನಲ್ಲೇ ಸಿಗುತ್ತದೆ. ‘ಹಿಡುವಳಿ’ ಎಂದರೆ ನಮ್ಮ ಕಡೆ ಹೊಲದ ಲೆಕ್ಕ. ಅದಕ್ಕಿನ್ನೂ ಪದ ಸಿಕ್ಕಿಲ್ಲ.