ಎಐಎಸ್‌ನಲ್ಲಿ ಒಂದು ಲೆಕ್ಕ, ನನ್ನ ರಿಟರ್ನ್‌ನಲ್ಲಿ ಇನ್ನೊಂದು: ನೋಟಿಸ್‌ಗೆ ಏನು ಬರೆಯಲಿ?

ಪ್ರಶ್ನೆ (ಹುಬ್ಬಳ್ಳಿ ಸದಸ್ಯ): 2023-24ರ ಆದಾಯದ ಬಗ್ಗೆ ಮಾಹಿತಿ ಕೇಳಿ ಆದಾಯ ತೆರಿಗೆ ಇಲಾಖೆಯಿಂದ 133(6) ನೋಟಿಸ್ ಬಂದಿದೆ. ಸಂಬಳ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ 9,00,000, ನಾನು ಸ್ಲಿಪ್ ಕೂಡಿಸಿ ತೋರಿಸಿದ್ದು 8,40,000. ಬಡ್ಡಿ ಅಲ್ಲಿ 1,06,800, ನನ್ನದು 21,600. ಅಷ್ಟು ಬಡ್ಡಿ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಜಮಾ ಆಗೇ ಇಲ್ಲ. ಆ ವರ್ಷ ಅಕ್ಟೋಬರ್‌ನಲ್ಲಿ ಕೆಲಸ ಬದಲಾಯಿಸಿದ್ದೆ. ಹೊಸ ತೆರಿಗೆ ಪದ್ಧತಿ.

ಸದಸ್ಯರೊಬ್ಬರು: ಎಐಎಸ್‌ನಲ್ಲಿ ಒಂದೇ ಬಡ್ಡಿ ಎರಡು ಸಲ ಬರುತ್ತದೆ, ನನಗೂ ಹಾಗೇ ಆಗಿತ್ತು. ಎಲ್ಲಾ ಸಾಲಿಗೂ ಸರಿಯಿಲ್ಲ ಅಂತ ಒತ್ತಿ ಕಳಿಸಿ, ಮುಗೀತು.

ಇನ್ನೊಬ್ಬರು: ನನ್ನ ಅಮ್ಮನ ಎಫ್‌ಡಿಗೆ ನನ್ನ ಹೆಸರು ಮೊದಲಿದೆ, ಬಡ್ಡಿಯೆಲ್ಲಾ ನನ್ನ ಪ್ಯಾನ್‌ಗೆ ಬಂದಿದೆ. ಇದೂ ಅದೇ ತೊಂದರೆ ಅಲ್ವಾ?

ಸಿಎ (ದಾವಣಗೆರೆ): ಅಮ್ಮನ ಎಫ್‌ಡಿ ಬೇರೆ ವಿಷಯ. ದುಡ್ಡು ಅವರದಾದರೆ ಬಡ್ಡಿಯೂ ಅವರದು. ಆದರೆ ಟಿಡಿಎಸ್ ಅವರ ಪ್ಯಾನ್‌ಗೆ ಹೋಗಬೇಕಾದರೆ ಬ್ಯಾಂಕಿಗೆ ಬರೆದುಕೊಡಬೇಕು.

ಹುಬ್ಬಳ್ಳಿಯವರೇ, ಎರಡು ವಿಷಯ ಹೇಳಿ. ಎಐಎಸ್‌ನಲ್ಲಿ ಬಡ್ಡಿಯ ಸಾಲುಗಳು ಯಾವುವು? ಹಳೇ ಕಂಪನಿ ಸಂಬಳ ಯಾವಾಗ ಹಾಕುತ್ತಿತ್ತು?

ಹುಬ್ಬಳ್ಳಿ ಸದಸ್ಯ: 194A ಅಡಿ 42,600, SFT-016 ಅಡಿ ಮತ್ತೆ 42,600, ಎರಡೂ ಒಂದೇ ಬ್ಯಾಂಕ್. ಇನ್ನೊಂದು ಬ್ಯಾಂಕ್‌ನ ಎಫ್‌ಡಿ 16,400, ಉಳಿತಾಯ ಖಾತೆಯದು 5,200. ಕೊನೆಯ ಎರಡನ್ನು ತೋರಿಸಿದ್ದೇನೆ. ಹಳೇ ಕಂಪನಿ ಸಂಬಳ ಮುಂದಿನ ತಿಂಗಳ 1ಕ್ಕೆ, ಹೊಸದು ತಿಂಗಳ ಕೊನೆಗೆ.

ಸಿಎ: ಮೊದಲು ಬಡ್ಡಿ. 194A ಅಡಿಯ ಟಿಡಿಎಸ್ ಪಟ್ಟಿಯಲ್ಲೂ SFT-016 ಅನ್ನೋ ಬ್ಯಾಂಕಿನ ವಾರ್ಷಿಕ ವರದಿಯಲ್ಲೂ ಒಂದೇ ಎಫ್‌ಡಿ ಬಂದಿದೆ. ಆದ್ದರಿಂದ ಒಂದು 42,600 ಮಾತ್ರ ತಪ್ಪು. SFT-016 ಸಾಲಿಗೆ `Information is duplicate/included in other information` ಆರಿಸಿ. ಇನ್ನೊಂದು 42,600 ನಿಜ. ಎಲ್ಲಾ ಸಾಲಿಗೂ ಸರಿಯಿಲ್ಲ ಅಂತ ಒತ್ತಿದರೆ ಇಲ್ಲೇ ಸಿಕ್ಕಿಬೀಳುತ್ತೀರಿ.

ಅದು ಕ್ಯುಮುಲೇಟಿವ್ ಎಫ್‌ಡಿ. ಬಡ್ಡಿ ಖಾತೆಗೆ ಬರೋದಿಲ್ಲ, ಎಫ್‌ಡಿಯಲ್ಲೇ ಸೇರುತ್ತಾ ಹೋಗುತ್ತದೆ. ಅದಕ್ಕೇ ಸ್ಟೇಟ್‌ಮೆಂಟ್‌ನಲ್ಲಿ ಕಾಣಲಿಲ್ಲ. ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರ ತೆಗೆದುಕೊಳ್ಳಿ, ಅದರಲ್ಲಿ 42,600 ಇರಬೇಕು. ಟಿಡಿಎಸ್ 4,260 ಮುರಿದಿದ್ದಾರೆ ಅಲ್ವಾ? ಅದನ್ನು ರಿಟರ್ನ್‌ನಲ್ಲಿ ಪಡೆದುಕೊಂಡು ಆದಾಯ ಬಿಟ್ಟಿದ್ದರೆ ಇಲಾಖೆಯ ಕಣ್ಣಿಗೆ ಬೀಳೋದು ಸಹಜ.

ನಿಮ್ಮ ಸ್ಲ್ಯಾಬ್ 10 ಪರ್ಸೆಂಟ್. ತೆರಿಗೆ 4,260, ಸೆಸ್ ಸೇರಿ ಸುಮಾರು 4,430. ಟಿಡಿಎಸ್ ಆಗಲೇ ಬಳಸಿದ್ದರೆ ಪೂರ್ತಿ ಕೈಯಿಂದ ಕಟ್ಟಬೇಕು. ಬಿಟ್ಟ ಆದಾಯ ಸೇರಿಸಿ ಮತ್ತೆ ಸಲ್ಲಿಸುವ ರಿಟರ್ನ್, ಅಂದರೆ ಐಟಿಆರ್-ಯು ಹಾಕಿ. 31 ಮಾರ್ಚ್ 2026ರ ಒಳಗಾದರೆ ಮೇಲೆ 25 ಪರ್ಸೆಂಟ್, ಅಂದರೆ ಸುಮಾರು 1,107. ಅದಾದ ಮೇಲಿನ ವರ್ಷದಲ್ಲಿ 50 ಪರ್ಸೆಂಟ್. 143(2) ಸ್ಕ್ರುಟಿನಿ ನೋಟಿಸ್ ಬಂದರೆ ಈ ದಾರಿ ಮುಚ್ಚುತ್ತದೆ, ಸುಮ್ನೆ ಕಾಯಬೇಡಿ.

ಈಗ ಸಂಬಳ. ನಿಮ್ಮ ಸ್ಲಿಪ್‌ಗಳು ಹೀಗಿರಬೇಕು: ಹಳೇ ಕಡೆ ಏಪ್ರಿಲ್‌ನಿಂದ ಸೆಪ್ಟೆಂಬರ್ 60,000, ಹೊಸ ಕಡೆ ಅಕ್ಟೋಬರ್‌ನಿಂದ ಮಾರ್ಚ್ 80,000. ಕೂಡಿದರೆ 8,40,000. ಆದರೆ 2023ರ ಮಾರ್ಚ್ ಸಂಬಳ 1 ಏಪ್ರಿಲ್‌ಗೆ ಬಿದ್ದಿದೆ. ಹಳೇ ಕಂಪನಿ ಅದನ್ನೂ ಸೇರಿಸಿ 7 ತಿಂಗಳ 4,20,000 ತೋರಿಸಿರುತ್ತದೆ. ಒಟ್ಟು 13 ತಿಂಗಳು, 9,00,000. ವ್ಯತ್ಯಾಸ ಅದೊಂದೇ ತಿಂಗಳದ್ದು.

ಮೊದಲು ಬರೆದ ಸದಸ್ಯ: ದುಡ್ಡು ಬಂದ ವರ್ಷಕ್ಕೇ ತೆರಿಗೆ, ಅಲ್ವಾ?

ಸಿಎ: ಸಂಬಳಕ್ಕೆ ಹಾಗಲ್ಲ. ಸಲ್ಲಬೇಕಾದ ದಿನ, ಕೈಗೆ ಬಂದ ದಿನ, ಯಾವುದು ಮೊದಲೋ ಅದು. ಹುಬ್ಬಳ್ಳಿಯವರು ಆ ಸಾಲಿಗೆ `Information relates to other PAN/Year` ಆರಿಸಬಹುದು. ಆದರೆ ಹಿಂದಿನ ವರ್ಷದ ರಿಟರ್ನ್‌ನಲ್ಲಿ ಆ 60,000 ಇರಲೇಬೇಕು.

ಉತ್ತರದ ಜೊತೆ ಒಂದೇ ಹಾಳೆಯ ಪಟ್ಟಿ ಸಾಕು: ಎಐಎಸ್ ಮೊತ್ತ, ರಿಟರ್ನ್ ಮೊತ್ತ, ವ್ಯತ್ಯಾಸ, ಕಾರಣ, ದಾಖಲೆ. ಮಾರ್ಚ್ ಸಂಬಳಕ್ಕೆ ಆ ಸ್ಲಿಪ್ಪು ಮತ್ತು 1 ಏಪ್ರಿಲ್ ಜಮಾ ಇರುವ ಸ್ಟೇಟ್‌ಮೆಂಟ್ ಪುಟ. ಬಡ್ಡಿಗೆ ಪ್ರಮಾಣಪತ್ರ ಮತ್ತು ಐಟಿಆರ್-ಯು ಸ್ವೀಕೃತಿ. ಇಡೀ ವರ್ಷದ ಸ್ಟೇಟ್‌ಮೆಂಟ್ ಕೇಳದೇ ಇದ್ದರೆ ಹಾಕಬೇಡಿ, ಓದುವವರಿಗೆ ಬೇಕಾದ ಸಾಲು ಹುಡುಕೋದೇ ಕಷ್ಟ. ಗಡುವು ಹತ್ತಿರವಿದ್ದರೆ ಮೊದಲು ಉತ್ತರ ಕೊಡಿ. 42,600 ಒಪ್ಪಿ ಐಟಿಆರ್-ಯು ಹಾಕುತ್ತಿದ್ದೇನೆ ಅಂತ ಬರೆಯಿರಿ.

ಹುಬ್ಬಳ್ಳಿ ಸದಸ್ಯ: ಮೇಡಂ, ಹಿಂದಿನ ವರ್ಷದ ಫಾರ್ಮ್ 16 ನೋಡಿದೆ. 2022ರ ಏಪ್ರಿಲ್‌ನಲ್ಲಿ ಸೇರಿದ್ದು, ಅದರಲ್ಲಿ 6,60,000 ಇದೆ. ರಿಟರ್ನ್‌ನಲ್ಲೂ ಅಷ್ಟೇ.

ಸಿಎ: ಹಾಗಾದರೆ 11 ತಿಂಗಳು. ಆ 60,000 ಎಲ್ಲೂ ತೆರಿಗೆಗೆ ಬಂದಿಲ್ಲ, ಬೇರೆ ವರ್ಷದ್ದು ಅಂತ ಒತ್ತಿ ಬಿಡೋಕಾಗಲ್ಲ. ಕಾನೂನಿನ ಪ್ರಕಾರ 2022-23ಕ್ಕೇ ಇನ್ನೊಂದು ಐಟಿಆರ್-ಯು ಹಾಕಬೇಕು.

ನಿವೃತ್ತ ತೆರಿಗೆ ಸಿಬ್ಬಂದಿ: ನಾನಾಗಿದ್ದರೆ ಇದೇ ವರ್ಷಕ್ಕೆ ಸೇರಿಸುತ್ತಿದ್ದೆ. ಫಾರ್ಮ್ 16, ಟಿಡಿಎಸ್ ಎರಡೂ ಇದೇ ವರ್ಷದಲ್ಲಿವೆ, ಎಐಎಸ್‌ಗೂ ತಾಳೆ ಆಗುತ್ತದೆ.

ಸಿಎ: ತಾಳೆ ಆಗೋದು ನಿಜ ಸರ್, ನಾನು ಒಪ್ಪೋದಿಲ್ಲ ಅಷ್ಟೇ. ಹುಬ್ಬಳ್ಳಿಯವರೇ, ಎರಡೂ ರೀತಿ ತೆರಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿಸಿ. 60,000ರ ಮೇಲೆ ಮುರಿದ ಟಿಡಿಎಸ್ ಯಾವ ವರ್ಷ ಪಡೆದಿದ್ದೀರಿ ಅನ್ನೋದನ್ನೂ ನೋಡಿಕೊಳ್ಳಿ. ಬಡ್ಡಿಯ ಭಾಗ ಅದಕ್ಕಾಗಿ ನಿಲ್ಲಬೇಕಿಲ್ಲ, ಉತ್ತರ ಈ ವಾರವೇ ಹೋಗಲಿ.