ಅಪ್‌ಡೇಟ್: ಸಿಂಕ್ ಜಾಬ್ ಹ್ಯಾಂಡೋವರ್ ಡಾಕ್ಯುಮೆಂಟ್

ನನ್ ಪ್ರಶ್ನೆ ಇದಾಗಿತ್ತು: "ರಾತ್ರಿ ಓಡೋ ಸಿಂಕ್ ಜಾಬ್‌ಗಳ್ನ ಇನ್ನೊಬ್ರಿಗೆ ಒಪ್ಪಿಸ್ಬೇಕು, ಏನೇನ್ ಬರೀಲಿ?"

ಡಾಕ್ಯುಮೆಂಟ್ ಮುಗೀತು, ಎಲ್ರಿಗೂ ಥ್ಯಾಂಕ್ಸ್. ಸರ್ವರ್ ಯುಟಿಸಿಲಿ ಇರೋದ್ರಿಂದ ಪ್ರತಿ ಕ್ರಾನ್ ಲೈನ್ ಪಕ್ಕ ನಮ್ ಟೈಮೂ ಬರ್ದೆ, ಸ್ಟಾಕ್ ಸಿಂಕ್‌ದು ಹಿಂಗಿದೆ, ಅಂದ್ರೆ ನಮಗೆ ಬೆಳಗಿನ ಜಾವ 2:00:

```
30 20 * * * /opt/sync/stock.sh
```

ಓನರ್ ಕಾಲಮ್ಮಲ್ಲಿ ಜಾಬ್ ನೋಡ್ಕೊಳ್ಳೋರು ಬೇರೆ, ಡೇಟಾ ತಪ್ಪಾದ್ರೆ ಕೇಳ್ಬೇಕಾದೋರು ಬೇರೆ ಅಂತ ಎರಡೂ ಹಾಕ್ದೆ.

ಜಾಸ್ತಿ ಹೊತ್ತು ಹಿಡಿದಿದ್ದು ರಿಕವರಿ. ಸ್ಟಾಕ್ ಜಾಬ್ ಅರ್ಧಕ್ಕೆ ನಿಂತ್ರೆ ಮೊದ್ಲು `ps` ಹೊಡ್ದು ಹಳೇ ಪ್ರೋಸೆಸ್ ಇನ್ನೂ ಓಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು ಆಮೇಲೇ ಲಾಕ್ ಫೈಲ್ ಅಳಿಸ್ಬೇಕು, ಇಲ್ದಿದ್ರೆ ಎರಡೆರಡು ಓಡ್ತವೆ. ಆಮೇಲೆ ಸುಮ್ನೆ ರೀರನ್, ಯಾಕಂದ್ರೆ `last_sync` ಪೂರ್ತಿ ಮುಗಿದ್ಮೇಲಷ್ಟೇ ಮುಂದಕ್ಕೆ ಹೋಗೋದು, ಇರೋ ರೋ ಅಪ್‌ಡೇಟ್ ಆಗುತ್ತೆ, ಡುಪ್ಲಿಕೇಟ್ ಬರಲ್ಲ. ಪೇಮೆಂಟ್ ಜಾಬ್ ಮಾತ್ರ ಹಂಗಲ್ಲ, ಅದು ಹೊಸ ಎಂಟ್ರಿ ಸೇರಿಸ್ತಾ ಹೋಗುತ್ತೆ, ಅದಕ್ಕೆ "ಓನರ್‌ನ ಕೇಳ್ದೆ ರೀರನ್ ಮಾಡ್ಬೇಡಿ" ಅಂತ ದಪ್ಪಕ್ಷರದಲ್ಲಿ ಬರ್ದಿದೀನಿ.